ಮೂರು ಪಿನ್ ಎಆರ್‌ಜಿಬಿನ ನಾಲ್ಕು ಪಿನ್ ಹೆಡರ್‌ಗೆ ಹಾಕಬಹುದಾ?

ಪ್ರಶ್ನೆ: "ಸರ್, ನನ್ನ ಮದರ್‌ಬೋರ್ಡಲ್ಲಿ ಲೈಟಿಂಗ್‌ಗೆ ಇರೋದು ನಾಲ್ಕು ಪಿನ್ ಹೆಡರ್ ಒಂದೇ. ತಗೊಂಡಿರೋ ಫ್ಯಾನ್ ಮೂರು ಪಿನ್ ಎಆರ್‌ಜಿಬಿ. ಒಂದು ಪಿನ್ ಖಾಲಿ ಬಿಟ್ಟು ಹಾಕಿದ್ರೆ ನಡೆಯತ್ತಲ್ವಾ? ನನ್ನ ಫ್ರೆಂಡ್ ಹಾಗೇ ಹಾಕಿದ್ದ, ಏನೂ ಆಗ್ಲಿಲ್ವಂತೆ."

ನಡೆಯಲ್ಲ. ಫ್ಯಾನಿನ ಲೈಟ್ ಸುಟ್ಟು ಹೋಗತ್ತೆ. ಈ ಪ್ರಶ್ನೆ ಯಾವ ರೂಪದಲ್ಲಿ ಬಂದ್ರೂ ಉತ್ತರ ಇದೇ, ಆದ್ರೆ ಪ್ರತಿ ಸಲ ಕೊನೇಲಿ "ಫ್ರೆಂಡ್ ಹಾಕಿದ್ದ, ಏನೂ ಆಗ್ಲಿಲ್ಲ" ಅನ್ನೋ ಸಾಲು ಇದ್ದೇ ಇರತ್ತೆ ನೋಡಿ, ಅದಕ್ಕೇ ಇವತ್ತು ಆ ಫ್ರೆಂಡಿನ ಕಥೆನೇ ಬಿಡಿಸಿ ಹೇಳ್ತೀನಿ.

ಮೊದಲು ಎರಡು ಹೆಡರ್ ಪಕ್ಕಪಕ್ಕ ಇಟ್ಟು ನೋಡಿ. ಬಹುತೇಕ ಬೋರ್ಡ್‌ಗಳಲ್ಲಿ ಪಿನ್‌ಗಳು ಇರೋದು ಹೀಗೆ:

```
12V   G   R   B
5V    D   -   GND
```

ಮೇಲಿಂದು ಹಳೇ ಸಾದಾ ಆರ್‌ಜಿಬಿ. ಒಂದು ಪಿನ್ನಲ್ಲಿ ಸದಾ 12 ವೋಲ್ಟ್ ಇರತ್ತೆ, ಉಳಿದ ಮೂರು ಹಸಿರು, ಕೆಂಪು, ನೀಲಿಯ ವಾಪಸ್ ದಾರಿ, ಅದನ್ನ ಬೋರ್ಡ್ ಬೇಕಾದಾಗ ಗ್ರೌಂಡಿಗೆ ಸೇರಿಸತ್ತೆ, ಬೇಡವಾದಾಗ ಬಿಡತ್ತೆ. ಸ್ಟ್ರಿಪ್ಪಲ್ಲಿ ತಲೆ ಅನ್ನೋದೇ ಇಲ್ಲ, ಅದಕ್ಕೇ ಪೂರ್ತಿ ಸ್ಟ್ರಿಪ್ ಒಂದೇ ಬಣ್ಣ. ಕೆಳಗಿಂದು ಅಡ್ರೆಸ್ಸಬಲ್, ಅಂದ್ರೆ ಎಆರ್‌ಜಿಬಿ. ಇಲ್ಲಿ ಪ್ರತಿ ಎಲ್‌ಇಡಿ ಒಳಗೂ ಒಂದು ಪುಟ್ಟ ಚಿಪ್ ಇರತ್ತೆ, ಡೇಟಾ ಲೈನಲ್ಲಿ ಬಂದ ಸಂದೇಶದಿಂದ ತನ್ನ ಪಾಲಿನ 24 ಬಿಟ್ ಇಟ್ಕೊಂಡು ಉಳಿದದ್ದನ್ನ ಪಕ್ಕದೋನಿಗೆ ದಾಟಿಸತ್ತೆ. ಈ ಚಿಪ್ 5 ವೋಲ್ಟ್‌ಗೆ ಅಂತಲೇ ಮಾಡಿದ್ದು, 12 ವೋಲ್ಟ್ ಅದರ ಮಿತಿಗಿಂತ ಎಷ್ಟೋ ಮೇಲೆ.

ಈಗ ಫ್ರೆಂಡಿನ ಕಥೆ. ಎಆರ್‌ಜಿಬಿ ಪ್ಲಗ್ ನೋಡಿದ್ರೆ ಅದೂ ನಾಲ್ಕು ತೂತಿನ ಅಗಲದ್ದೇ, ಒಂದು ತೂತು ಮುಚ್ಚಿರತ್ತೆ. ಮುಚ್ಚಿರೋದೇ ನೀವು ನಾಲ್ಕು ಪಿನ್ನಿಗೆ ಹಾಕಬಾರದು ಅಂತ. ಆದ್ರೆ ನಮ್ಮ ಜನ ಸೂಜಿ ತಗೊಂಡು ಆ ತೂತು ಕೊರೀತಾರೆ, ಇನ್ನೂ ಧೈರ್ಯ ಇದ್ದೋರು ಬೋರ್ಡಿನ ಪಿನ್ನನ್ನೇ ಕಟ್ ಮಾಡ್ತಾರೆ, ಕೆಲವು ಅಗ್ಗದ ಕೇಬಲ್‌ಗಳಲ್ಲಂತೂ ತೂತು ಮುಚ್ಚೇ ಇರಲ್ಲ. ಸರಿ, ಹೇಗೋ ಕೂತ್ಕೊಳ್ತು. ಈಗ ಮೇಲಿನ ಎರಡು ಸಾಲು ಒಂದರ ಕೆಳಗೊಂದು ಓದಿ. ಫ್ಯಾನಿನ 5 ವೋಲ್ಟ್ ಜಾಗಕ್ಕೆ 12 ವೋಲ್ಟ್ ಬಂತು. ಡೇಟಾ ಹೋಗಿ ಹಸಿರಿಗೆ ಸೇರ್ತು. ಗ್ರೌಂಡ್ ಹೋಗಿ ನೀಲಿಗೆ ಸೇರ್ತು. ಕೆಂಪಿಗೆ ಏನೂ ಸಿಗಲೇ ಇಲ್ಲ, ಆ ಜಾಗದಲ್ಲೇ ಅಲ್ವಾ ತೂತು ಖಾಲಿ ಇರೋದು.

ಪಿಸಿ ಆನ್ ಮಾಡ್ದ. ಬೋರ್ಡಲ್ಲಿ ಬಣ್ಣ ಕೆಂಪಿಗೆ ಸೆಟ್ ಆಗಿತ್ತು ಅಂದ್ಕೊಳ್ಳಿ. ಬೋರ್ಡ್ ಕೆಂಪು ಪಿನ್ ಮಾತ್ರ ಗ್ರೌಂಡಿಗೆ ಎಳೀತು, ಅಲ್ಲಿ ಫ್ಯಾನಿನ ವೈರೇ ಇಲ್ಲ. ಫ್ಯಾನಿಗೆ 12 ವೋಲ್ಟ್ ಬಂದು ನಿಂತಿದೆ, ಆದ್ರೆ ವಾಪಸ್ ಹೋಗೋ ದಾರಿ ಇಲ್ಲ, ಕರೆಂಟ್ ಹರೀಲಿಲ್ಲ. ಲೈಟ್ ಹತ್ತಲಿಲ್ಲ, ಹೊಗೆನೂ ಬರಲಿಲ್ಲ. ಇದೇ ಅವನ "ಏನೂ ಆಗ್ಲಿಲ್ಲ". ಹಾಕಿದ್ದು ಸರಿ ಇದೆ, ಸಾಫ್ಟ್‌ವೇರಲ್ಲಿ ಏನೋ ಸೆಟ್ಟಿಂಗ್ ಬಾಕಿ ಇರ್ಬೇಕು ಅಂತ ಅಂದ್ಕೊಂಡು ಲೈಟಿಂಗ್ ಸಾಫ್ಟ್‌ವೇರ್ ತೆಗೆದು ಕೆಂಪಿಂದ ನೀಲಿಗೋ ಬಿಳಿಗೋ ಬದಲಾಯಿಸ್ತಾನೆ. ಬೋರ್ಡ್ ನೀಲಿ ಪಿನ್ ಗ್ರೌಂಡಿಗೆ ಎಳೀತು, ಅಂದ್ರೆ ಫ್ಯಾನಿನ ಗ್ರೌಂಡ್ ಈಗ ನಿಜವಾಗ್ಲೂ ಗ್ರೌಂಡ್ ಆಯ್ತು, ಎಲ್ಲಾ ಚಿಪ್ಪಿಗೂ ಒಟ್ಟಿಗೆ 12 ವೋಲ್ಟ್ ಬಿತ್ತು. ಒಂದು ಸಲ ಮಿಣುಕ್ ಅಂದ್ರೂ ಅನ್ನಬಹುದು, ಆಮೇಲೆ ಪ್ಲಾಸ್ಟಿಕ್ ಸುಟ್ಟ ವಾಸನೆ. ಎಲ್‌ಇಡಿನ ಹತ್ತಿರದಿಂದ ನೋಡಿದ್ರೆ ಪಾರದರ್ಶಕ ಮುಚ್ಚಳದ ಕೆಳಗೆ ಕಂದು ಚುಕ್ಕೆ ಕಾಣತ್ತೆ. ಆಮೇಲೆ ಸರಿಯಾದ 5 ವೋಲ್ಟ್ ಹೆಡರ್‌ಗೆ ಹಾಕಿದ್ರೂ ಅದು ಹತ್ತಲ್ಲ.

ಅರ್ಥ ಆಯ್ತಾ, "ಹಾಕಿದೆ, ಏನೂ ಆಗ್ಲಿಲ್ಲ" ಅಂದ್ರೆ "ಇನ್ನೂ ನೀಲಿ ಹಾಕಿಲ್ಲ" ಅಂತಷ್ಟೇ.

ಇದರ ತಮ್ಮ ಇನ್ನೊಂದು ನಂಬಿಕೆ ಇದೆ: ಬ್ರೈಟ್‌ನೆಸ್ ಅರ್ಧಕ್ಕಿಂತ ಕಮ್ಮಿ ಇಟ್ರೆ 12 ವೋಲ್ಟ್ ಇಳಿದು 5ರ ಹತ್ತಿರ ಬರತ್ತೆ ಅಂತ. ಬರಲ್ಲ ಸ್ವಾಮಿ. ಬೋರ್ಡ್ ಬ್ರೈಟ್‌ನೆಸ್ ಕಮ್ಮಿ ಮಾಡೋದು ಸೆಕೆಂಡಿಗೆ ನೂರಾರು ಸಲ ಆನ್ ಆಫ್ ಮಾಡಿ. ಆನ್ ಇರೋ ಪ್ರತಿ ಕ್ಷಣಾನೂ ಪೂರ್ತಿ 12 ವೋಲ್ಟೇ. ಚಿಪ್ ಸಾಯೋಕೆ ಅಷ್ಟು ಸಾಕು. ಹಾಗೇ ಬರೀ ವೈರಿಂದ ಮಾಡಿದ ನಾಲ್ಕರಿಂದ ಮೂರು ಪಿನ್ ಅಡಾಪ್ಟರ್ ಕೇಬಲ್ ಕೂಡ ವೋಲ್ಟೇಜ್ ಇಳಿಸಲ್ಲ, ಡೇಟಾನೂ ಹುಟ್ಟಿಸಲ್ಲ.

ಉಲ್ಟಾ ಮಾಡಿದ್ರೆ, ಅಂದ್ರೆ 12 ವೋಲ್ಟ್ ಸ್ಟ್ರಿಪ್‌ನ 5 ವೋಲ್ಟ್ ಹೆಡರ್‌ಗೆ ಹಾಕಿದ್ರೆ, ಸಾಮಾನ್ಯವಾಗಿ ಸುಮ್ನೆ ಕತ್ತಲೆ. ಆ ಸ್ಟ್ರಿಪ್ಪಲ್ಲಿ ಮೂರು ಎಲ್‌ಇಡಿ ಸಾಲಾಗಿರ್ತವೆ, ನೀಲಿ ಮೂರಕ್ಕೆ ಸೇರಿ ಸುಮಾರು 9 ವೋಲ್ಟ್ ಬೇಕು, 5 ಸಾಲಲ್ಲ.

ನಿಮ್ಮ ಹೆಡರ್ ಯಾವುದು ಅಂತ ತಿಳಿಯೋಕೆ ಬೋರ್ಡ್ ಮೇಲೆ ಬರೆದಿರೋದು ಓದಿ. JRGB, LED_C, RGB_LED ಥರದ್ದು 12 ವೋಲ್ಟ್. JRAINBOW, D_LED, ADDR_LED, ADD_GEN2 ಥರದ್ದು 5 ವೋಲ್ಟ್. ಡೌಟ್ ಇದ್ರೆ ಮ್ಯಾನ್ಯುವಲ್ ನೋಡಿ. ಕೆಲವು ಹಳೇ ಬೋರ್ಡ್‌ಗಳಲ್ಲಿ ಅಡ್ರೆಸ್ಸಬಲ್ ಹೆಡರ್‌ಗೇ 5 ಮತ್ತು 12ರ ನಡುವೆ ಬದಲಾಯಿಸೋ ಜಂಪರ್ ಇರತ್ತೆ, ಅಲ್ಲಿ ಹೆಸರು ನಂಬದೆ ಮಲ್ಟಿಮೀಟರ್‌ನ ಡಿಸಿ 20ಕ್ಕೆ ಇಟ್ಟು, ಕಪ್ಪು ಕಡ್ಡಿ ಕ್ಯಾಬಿನೆಟ್‌ನ ಬಣ್ಣ ಇಲ್ಲದ ಲೋಹಕ್ಕೆ, ಕೆಂಪು ಕಡ್ಡಿ ಪವರ್ ಪಿನ್ನಿಗೆ ಮುಟ್ಟಿಸಿ. ಪಕ್ಕದ ಪಿನ್ನಿಗೆ ತಾಗಿಸ್ಬೇಡಿ.

ನಿಮ್ಮ ಫ್ಯಾನಿಗೆ ಬೇಕಾಗಿರೋದು ಸಾಟಾ ಪವರ್ ತಗೊಳ್ಳೋ ಸಣ್ಣ ಎಆರ್‌ಜಿಬಿ ಕಂಟ್ರೋಲರ್. ಅದು 5 ವೋಲ್ಟನ್ನ ಪವರ್ ಸಪ್ಲೈಯಿಂದ ತಗೊಳತ್ತೆ, ಡೇಟಾ ತಾನೇ ಹುಟ್ಟಿಸತ್ತೆ. ಬಣ್ಣ ಬಟನ್ನಲ್ಲೋ ರಿಮೋಟಲ್ಲೋ ಬದಲಾಯಿಸಬೇಕು, ಅಷ್ಟೇ. ಸಾಫ್ಟ್‌ವೇರಿಂದಲೇ ಬೇಕು ಅಂದ್ರೆ ಬೋರ್ಡಿನ ಒಳಗಿನ ಯುಎಸ್‌ಬಿ ಹೆಡರ್‌ಗೆ ಹಾಕೋ ಕಂಟ್ರೋಲರ್ ನೋಡಿ.

ಯಾರೂ ಕೇಳಿಲ್ಲ, ಆದ್ರೂ ಹೇಳ್ತೀನಿ, ಯಾಕಂದ್ರೆ 5 ವೋಲ್ಟ್ ಹೆಡರ್ ಇರೋರು ಮುಂದೆ ಮಾಡೋ ಕೆಲಸ ಇದೇ: ಸ್ಪ್ಲಿಟರ್ ಹಾಕಿ ಒಂದೇ ಹೆಡರ್‌ಗೆ ಎಲ್ಲಾನೂ ನೇತು ಹಾಕೋದು. ಆ ಹೆಡರ್ ಸಾಮಾನ್ಯವಾಗಿ 3 ಆಂಪಿಯರ್‌ಗೆ ಇರತ್ತೆ. ಒಂದು ಎಲ್‌ಇಡಿ ಪೂರ್ತಿ ಬಿಳಿಯಲ್ಲಿ 60 ಮಿಲಿಆಂಪಿಯರ್‌ವರೆಗೂ ಎಳೆಯಬಹುದು, ಅಂದ್ರೆ 50 ಎಲ್‌ಇಡಿಗೆ ಲೆಕ್ಕ ಮುಗೀತು. ಎಂಟೆಂಟು ಎಲ್‌ಇಡಿಯ ನಾಲ್ಕು ಫ್ಯಾನ್ ಅಂದ್ರೆ 32, ಸುಮಾರು 1.9 ಆಂಪಿಯರ್, ಆರಾಮಾಗಿ ನಡೆಯತ್ತೆ. ಅದರ ಜೊತೆ 60 ಎಲ್‌ಇಡಿಯ ಸ್ಟ್ರಿಪ್ ಸೇರಿಸಿದ್ರೆ ಅದೊಂದೇ 3.6. ಮಿತಿ ಮುಟ್ತಾ ಇದೆ ಅನ್ನೋದು ಕಣ್ಣಿಗೇ ಗೊತ್ತಾಗತ್ತೆ, ಬಿಳಿ ಹಾಕಿದಾಗ ಕೊನೆ ತುದಿ ಹಳದಿಯೋ ಕೆಂಪೋ ಆಗಿ ಕಾಣತ್ತೆ. ವೈರಲ್ಲಿ ವೋಲ್ಟೇಜ್ ಕುಸಿದಾಗ ಸುಮಾರು 3 ವೋಲ್ಟ್ ಬೇಕಾದ ನೀಲಿ, ಹಸಿರು ಮೊದಲು ಮಂಕಾಗ್ತವೆ, 2ರಲ್ಲೇ ಉರಿಯೋ ಕೆಂಪು ಉಳ್ಕೊಳ್ಳತ್ತೆ. ಹಾಗೆ ಕಂಡ್ರೆ ಸ್ಪ್ಲಿಟರ್ ಕಿತ್ತು ಸಾಟಾ ಪವರ್ ಇರೋ ಹಬ್ ಹಾಕಿ, ಆಗ ಹೆಡರ್‌ಗೆ ಡೇಟಾ ಕಳ್ಸೋ ಕೆಲಸ ಮಾತ್ರ ಉಳಿಯತ್ತೆ.