ಪ್ರೊಫೈಲಿಗೆ ಪರಿಚಯ ವಿಡಿಯೋ: ಒಂದು ನಿಮಿಷದಲ್ಲಿ ಏನು ಹೇಳಬೇಕು, ಎಲ್ಲಿ ಕೂರಬೇಕು?

ಪ್ರಶ್ನೆ: ಶಿರಸಿ ಹತ್ತಿರದ ಹಳ್ಳಿಯಲ್ಲಿದ್ದೇನೆ. ಹೈಸ್ಕೂಲು ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತ ಹೇಳಿಕೊಡಲು ಪ್ರೊಫೈಲ್ ಮಾಡಿದ್ದೇನೆ. ಪರಿಚಯದ ವಿಡಿಯೋ ಹಾಕಿ ಎನ್ನುತ್ತಿದ್ದಾರೆ. ಮೂರು ಸಲ ತೆಗೆದೆ. ಮುಖ ಕಪ್ಪಾಗಿ ಬರುತ್ತದೆ, ಮಾತು ಪಾಠ ಒಪ್ಪಿಸಿದ ಹಾಗಿದೆ. ಎಷ್ಟು ಉದ್ದ ಇರಬೇಕು, ಏನು ಹೇಳಬೇಕು?

ಉತ್ತರ: ಉದ್ದ ಒಂದು ನಿಮಿಷದ ಆಸುಪಾಸು ಇರಲಿ. ತಾಣ ಎರಡು ನಿಮಿಷಕ್ಕೆ ಅವಕಾಶ ಕೊಟ್ಟಿದ್ದರೂ ಅಷ್ಟನ್ನೂ ತುಂಬಿಸಬೇಕಾಗಿಲ್ಲ. ನಿಧಾನವಾಗಿ, ಉಸಿರು ತೆಗೆದುಕೊಳ್ಳುತ್ತಾ ಮಾತಾಡಿದರೆ ಒಂದು ನಿಮಿಷಕ್ಕೆ 80ರಿಂದ 90 ಕನ್ನಡ ಪದ ಹಿಡಿಯುತ್ತದೆ. ಬರೆದದ್ದು 150 ಪದ ಇದ್ದರೆ ಓಡಿಸಿಕೊಂಡು ಹೇಳುತ್ತೀರಿ. ಒಪ್ಪಿಸಿದ ಹಾಗೆ ಕೇಳುವುದಕ್ಕೆ ಅರ್ಧ ಕಾರಣ ಅದೇ.

ಇನ್ನರ್ಧ ಕಾರಣ ಹೇಳುವ ವಿಷಯದಲ್ಲಿದೆ. ಹೆಸರು, ಎಂ.ಎಸ್ಸಿ., ಬಿ.ಎಡ್., ಇಷ್ಟು ವರ್ಷದ ಅನುಭವ ಎಂದು ಶುರು ಮಾಡಿದರೆ ಪಕ್ಕದಲ್ಲೇ ಬರೆದಿರುವುದನ್ನು ಮತ್ತೆ ಓದಿದಂತಾಯಿತು. ಮಗುವಿನ ತಂದೆತಾಯಿ ವಿಡಿಯೋ ಒತ್ತುವುದು ಬರಹದಲ್ಲಿ ಸಿಗದ ಒಂದು ಸಂಗತಿಗಾಗಿ: ಇವರು ಹೇಳಿಕೊಟ್ಟರೆ ನಮ್ಮ ಮಗುವಿಗೆ ಅರ್ಥವಾದೀತೇ? ಅದಕ್ಕೆ ಉತ್ತರ ಕೊಡಲು ಒಂದೇ ದಾರಿ, ಅಲ್ಲೇ ಸ್ವಲ್ಪ ಕಲಿಸಿ ತೋರಿಸುವುದು. ಒಂದು ನಿಮಿಷದಲ್ಲಿ ಅರ್ಧ ಭಾಗ ಇದಕ್ಕೇ ಮೀಸಲಿಡಿ. ಹೀಗೆ ಬರೆದುಕೊಳ್ಳಬಹುದು:

> ನಮಸ್ಕಾರ. ಎಂಟರಿಂದ ಹತ್ತನೇ ತರಗತಿಯವರೆಗೆ ಗಣಿತ ಹೇಳಿಕೊಡುತ್ತೇನೆ, ಅದರಲ್ಲೂ ಬೀಜಗಣಿತಕ್ಕೆ ಹೆದರುವ ಮಕ್ಕಳಿಗೆ. ಈ ತಪ್ಪು ನೋಡಿ. (a + b)² ಅಂದರೆ a² + b² ಎಂದು ತುಂಬಾ ಮಕ್ಕಳು ಬರೆಯುತ್ತಾರೆ. a ಎರಡು, b ಮೂರು ಅಂದುಕೊಳ್ಳೋಣ. ಕೂಡಿದರೆ ಐದು, ಐದರ ವರ್ಗ ಇಪ್ಪತ್ತೈದು. ಅವರು ಬರೆದ ಹಾಗೆ ಮಾಡಿದರೆ ನಾಲ್ಕು, ಒಂಬತ್ತು, ಹದಿಮೂರೇ ಆಯಿತು. ಉಳಿದ ಹನ್ನೆರಡು ಎಲ್ಲಿ ಹೋಯಿತು? ಅದೇ 2ab. ಹೀಗೆ ತಪ್ಪನ್ನೇ ಹಿಡಿದುಕೊಂಡು ಕಲಿಸುತ್ತೇನೆ. ತರಗತಿ ಸಂಜೆ ಆರರ ಮೇಲೆ, ಕನ್ನಡ ಅಥವಾ ಇಂಗ್ಲಿಷಿನಲ್ಲಿ. ಮೊದಲ ದಿನ ಹಿಂದಿನ ಪರೀಕ್ಷೆಯ ಉತ್ತರಪತ್ರಿಕೆ ಜೊತೆಗಿಟ್ಟುಕೊಂಡು ಬನ್ನಿ, ಅಲ್ಲಿಂದಲೇ ಶುರು ಮಾಡೋಣ.

ಮೊದಲ ವಾಕ್ಯದಲ್ಲೇ ಯಾರಿಗೆ ಕಲಿಸುತ್ತೀರಿ ಎಂಬುದಿದೆ, ಕೊನೆಯ ವಾಕ್ಯದಲ್ಲಿ ಅವರು ಮುಂದೇನು ಮಾಡಬೇಕು ಎಂಬುದಿದೆ. ಫೋನ್ ನಂಬರನ್ನು ಮಾತಿನಲ್ಲೂ ಹಿಂದಿನ ಗೋಡೆಯ ಮೇಲೂ ತರಬೇಡಿ. ಟ್ಯೂಷನ್ ತಾಣಗಳು ಸಾಮಾನ್ಯವಾಗಿ ಅದನ್ನು ಒಪ್ಪುವುದಿಲ್ಲ, ವಿಡಿಯೋ ತಿರಸ್ಕಾರವಾಗುತ್ತದೆ.

ಬರೆದದ್ದನ್ನು ಪರದೆಯ ಮೇಲಿಟ್ಟು ಓದಬೇಡಿ. ಕಣ್ಣು ಎಡದಿಂದ ಬಲಕ್ಕೆ ಹರಿದಾಡುವುದು ನೋಡುವವರಿಗೆ ತಕ್ಷಣ ಗೊತ್ತಾಗುತ್ತದೆ. "ಹೆದರುವವರು, 25–13, ಸಂಜೆ ಆರು, ಉತ್ತರಪತ್ರಿಕೆ" ಎಂದು ನಾಲ್ಕೇ ಗುರುತು ದೊಡ್ಡದಾಗಿ ಬರೆದು ಕ್ಯಾಮೆರಾ ಕಣ್ಣಿನ ಕೆಳಗೆ ಅಂಟಿಸಿಕೊಳ್ಳಿ. ಪದ ಆಚೀಚೆ ಆದರೂ ಚಿಂತೆಯಿಲ್ಲ.

ಇನ್ನು ಕಪ್ಪು ಮುಖ. ನಮ್ಮ ಕಡೆಯ ಹಂಚಿನ ಮನೆಗಳಲ್ಲಿ ಒಳಗೆ ಮಬ್ಬು, ಅಂಗಳದಲ್ಲಿ ಝಗಝಗ ಬೆಳಕು. ಜಗುಲಿಯಲ್ಲಿ ಕೂತು, ಅಂಗಳವೂ ತೋಟವೂ ಹಿಂದೆ ಚೆಂದ ಕಾಣಲಿ ಎಂದು ಬೆನ್ನನ್ನು ಹೊರಗೆ ಮಾಡಿದರೆ ಫೋನು ಆ ಬೆಳಕಿಗೆ ಹೊಂದಿಕೊಳ್ಳುತ್ತದೆ, ಮುಖ ಕಪ್ಪಾಗುತ್ತದೆ. ನಿಮಗೂ ಬಹುಶಃ ಆಗಿರುವುದು ಇದೇ. ಪೂರ್ತಿ ತಿರುಗಿ ಕೂರಿ. ಮುಖ ಅಂಗಳದ ಕಡೆ, ಬೆನ್ನು ಒಳಗಿನ ಗೋಡೆಯ ಕಡೆ, ಮಾಡಿನ ಅಂಚಿನಿಂದ ಮೂರು ನಾಲ್ಕು ಅಡಿ ಒಳಗೆ. ಬಿಸಿಲು ನೇರ ಮೈಮೇಲೆ ಬೀಳಬಾರದು. ಸ್ವಲ್ಪ ಓರೆಯಾಗಿ ಕೂತರೆ ಒಂದು ಕೆನ್ನೆ ಮಾತ್ರ ಹೆಚ್ಚು ಬೆಳಗುತ್ತದೆ. ನೆರಳು ಬಿದ್ದ ಕಡೆ ಎರಡು ಮೂರು ಅಡಿ ದೂರದಲ್ಲಿ, ಚೌಕಟ್ಟಿಗೆ ಸಿಗದ ಹಾಗೆ, ಒಂದು ಬಿಳಿ ಪಂಚೆ ಇಳಿಬಿಟ್ಟರೆ ಬೆಳಕು ಅದಕ್ಕೆ ಬಡಿದು ಆ ಕೆನ್ನೆಗೂ ಬರುತ್ತದೆ. ತೋಟ ಜಗುಲಿಗೆ ತೀರಾ ಹತ್ತಿರವಿದ್ದರೆ ಎಲೆಗಳ ಹಸಿರು ಮುಖದ ಮೇಲೆ ಬಿದ್ದು ಬಣ್ಣ ಕಳೆಗುಂದುತ್ತದೆ. ಆಗ ಆಕಾಶ ಹೆಚ್ಚು ಕಾಣುವ ಬದಿ ಹುಡುಕಿ. ಮೋಡ ಕವಿದ ದಿನ ಬೆಳಕು ಎಲ್ಲ ಕಡೆಯಿಂದ ಮೆತ್ತಗೆ ಬರುವುದರಿಂದ ಈ ಕೆಲಸಕ್ಕೆ ಬಿಸಿಲಿಗಿಂತ ಅದೇ ಲೇಸು.

ಕಾರವಾರ, ಕುಮಟಾದ ಕಡೆ ಸಮುದ್ರಕ್ಕೆ ಮುಖ ಮಾಡಿದ ಕೋಣೆಯಿದ್ದವರಿಗೆ ತೊಂದರೆ ಬೇರೆ. ಮಧ್ಯಾಹ್ನ ಕಳೆದಂತೆ ಪಶ್ಚಿಮದ ಬಿಸಿಲು ನೇರ ಕಿಟಕಿಯೊಳಗೆ ಬಂದು ಕಣ್ಣು ಕಿರಿದಾಗಿಸುತ್ತದೆ. ಬೆಳಗ್ಗೆ ಒಂಬತ್ತು ಹತ್ತಕ್ಕೆ ಅದೇ ಕಿಟಕಿ ಹದವಾಗಿರುತ್ತದೆ.

ಟ್ಯೂಬ್‌ಲೈಟು, ಎಲ್‌ಇಡಿ ಬಲ್ಬುಗಳನ್ನು ಆರಿಸಿಬಿಡಿ. ನಮ್ಮ ಕರೆಂಟು 50 ಹರ್ಟ್ಸಿನದು. ಆ ಲೆಕ್ಕದಲ್ಲಿ ಎಷ್ಟೋ ದೀಪಗಳು ಸೆಕೆಂಡಿಗೆ 100 ಸಲ ಮಿನುಗುತ್ತವೆ. ಕಣ್ಣಿಗೆ ತಿಳಿಯದಿದ್ದರೂ ವಿಡಿಯೋದಲ್ಲಿ ಗೋಡೆಯ ಮೇಲೆ ಕಪ್ಪು ಪಟ್ಟಿಗಳು ತೇಲಿದಂತೆ ಕಾಣುತ್ತವೆ. ದೀಪ ಬೇಕೇಬೇಕು ಅಂದರೆ ಕ್ಯಾಮೆರಾ ಸೆಟ್ಟಿಂಗಿನಲ್ಲಿ ಫ್ಲಿಕರ್ ತಡೆಯುವ ಆಯ್ಕೆ ಇದೆಯೇ ನೋಡಿ, ಇದ್ದರೆ 50 Hz ಆರಿಸಿ.

ಫೋನನ್ನು ಅಡ್ಡ ಹಿಡಿದು, ಹಿಂದಿನ ಕ್ಯಾಮೆರಾದಿಂದ ತೆಗೆಯಿರಿ. ಚಿತ್ರ ಹೆಚ್ಚು ಸ್ಪಷ್ಟ ಅನ್ನುವುದೊಂದು. ನಿಮಗೆ ಇನ್ನೂ ಮುಖ್ಯವಾದದ್ದು, ಕೆಲವು ಫೋನುಗಳ ಸೆಲ್ಫಿ ಕ್ಯಾಮೆರಾ ಚಿತ್ರವನ್ನು ಕನ್ನಡಿಯ ಹಾಗೆ ತಿರುಗಿಸಿ ಉಳಿಸುತ್ತದೆ, ನೀವು ಎತ್ತಿ ಹಿಡಿದ ಕಾಗದದಲ್ಲಿ 25 ಉಲ್ಟಾ ಕಾಣುತ್ತದೆ. ಫೋನು ನಿಮ್ಮ ಕಣ್ಣಿನ ಮಟ್ಟಕ್ಕೆ ಬರುವ ಹಾಗೆ ಅಡುಗೆಮನೆಯ ಡಬ್ಬಗಳ ಮೇಲಿಟ್ಟು, ಮೂರ್ನಾಲ್ಕು ಅಡಿ ದೂರ ಕೂರಿ. ಪರದೆಯ ಮೇಲೆ ನಿಮ್ಮ ಮುಖ ಬರುವ ಜಾಗವನ್ನು ಬೇರೆಯವರಿಂದ ಒತ್ತಿ ಹಿಡಿಸಿದರೆ ಹೆಚ್ಚಿನ ಫೋನುಗಳಲ್ಲಿ ಬೆಳಕೂ ಫೋಕಸ್ಸೂ ಅಲ್ಲೇ ನಿಲ್ಲುತ್ತವೆ. ಲೆಕ್ಕ ಬರೆಯಲು ದಪ್ಪ ಮಾರ್ಕರ್ ಬಳಸಿ, ಬಾಲ್‌ಪೆನ್ ಗೆರೆ ಕಾಣುವುದಿಲ್ಲ.

ಧ್ವನಿಗೆ ಮೈಕ್ ಇರುವ ವೈರಿನ ಇಯರ್‌ಫೋನ್ ಸಾಕು. ಮೈಕು ಗಲ್ಲದ ಕೆಳಗೆ ಒಂದು ಗೇಣು ದೂರದಲ್ಲಿ, ಸೆರಗಿಗೋ ಕಾಲರಿಗೋ ಉಜ್ಜದಂತೆ ಇರಲಿ. ಅದರಿಂದಲೇ ಧ್ವನಿ ಹಿಡಿಯುತ್ತಿದೆಯೇ ಎಂದು ಹತ್ತು ಸೆಕೆಂಡು ತೆಗೆದು ಕೇಳಿ ನೋಡಿ. ಹಂಚಿನ ಮೇಲೆ ಬೀಳುವ ತೆಳು ಮಳೆಯಾದರೆ ಹೇಗೋ ನಡೆಯುತ್ತದೆ. ತಗಡಿನ ಮಾಡಿನಡಿಯಲ್ಲಿ ಮಳೆ ನಿಲ್ಲುವವರೆಗೆ ಕಾಯದೆ ಬೇರೆ ದಾರಿಯಿಲ್ಲ. ರಾತ್ರಿ ತೆಗೆಯೋಣವೆಂದರೆ ಜೀರುಂಡೆ ಬಿಡುವುದಿಲ್ಲ.

ರೆಕಾರ್ಡ್ ಒತ್ತಿದ ಮೇಲೆ ಬಾಯಿ ತೆರೆಯುವ ಮುಂಚೆ ಎರಡು ಸೆಕೆಂಡು ಸುಮ್ಮನೆ ನೋಡಿ. ಮುಗಿದ ಮೇಲೂ ಅಷ್ಟೇ. ಕತ್ತರಿಸಲು ಜಾಗ ಸಿಗುತ್ತದೆ, ಪ್ರೊಫೈಲಿನಲ್ಲಿ ಮೊದಲು ಕಾಣುವ ಚಿತ್ರದಲ್ಲಿ ಅರೆಗಣ್ಣು, ಅರೆಬಾಯಿ ಬರುವುದು ತಪ್ಪುತ್ತದೆ.

ಚೆನ್ನಾಗಿ ಬಂದ ವಿಡಿಯೋ ಕೊನೆಯ ಹೆಜ್ಜೆಯಲ್ಲಿ ಕೆಡುವುದೂ ಉಂಟು. ಫೋನಿನಿಂದ ಲ್ಯಾಪ್‌ಟಾಪಿಗೆ ವಾಟ್ಸಾಪ್ ಮೂಲಕ ಮಾಮೂಲಿನಂತೆ ಕಳಿಸಿದರೆ ಅದು ಕಡತವನ್ನು ಹಿಂಡಿ ಚಿಕ್ಕದು ಮಾಡುತ್ತದೆ, ಮುಖ ಮಸುಕಾಗುತ್ತದೆ. ಕೇಬಲ್ ಹಾಕಿ ತೆಗೆದುಕೊಳ್ಳಿ, ಇಲ್ಲವೇ ವಾಟ್ಸಾಪಿನಲ್ಲೇ ಡಾಕ್ಯುಮೆಂಟ್ ಆಗಿ ಕಳಿಸಿ. 1080p, 30 ಫ್ರೇಮಿನಲ್ಲಿ ತೆಗೆದ ಒಂದು ನಿಮಿಷ ಫೋನಿಗೆ ತಕ್ಕಂತೆ ಸುಮಾರು 60ರಿಂದ 130 ಎಂಬಿ ಆಗುತ್ತದೆ. ತಾಣದ ಮಿತಿ ಅದಕ್ಕಿಂತ ಕಡಿಮೆಯಿದ್ದರೆ 720pಯಲ್ಲಿ ಇನ್ನೊಮ್ಮೆ ತೆಗೆಯಿರಿ. ಹಾಕಿದ ಮೇಲೆ ಮನೆಯ ಬೇರೊಬ್ಬರ ಫೋನಿನಲ್ಲಿ, ಇಯರ್‌ಫೋನ್ ಇಲ್ಲದೆ ಹಚ್ಚಿ ನೋಡಿ. "ಹನ್ನೆರಡು ಎಲ್ಲಿ ಹೋಯಿತು" ಎನ್ನುವುದು ಕೋಣೆಯ ಆಚೆ ಕೂತವರಿಗೂ ಕೇಳಿಸಿತೆಂದರೆ ಹಾಗೇ ಬಿಡಿ.