ಎರಡೂ ಹತ್ತಿಯೇ, ಒಂದೇಕೆ ಮೆತ್ತಗೆ, ಇನ್ನೊಂದೇಕೆ ಗರಿಗರಿ?

ಪ್ರಶ್ನೆ: ಒಂದೇ ಅಂಗಡಿಯಲ್ಲಿ ಪಂಚೆ ಮತ್ತು ಬನಿಯನ್ ತಂದೆ. ಎರಡರ ಚೀಟಿಯ ಮೇಲೂ ‘ನೂರಕ್ಕೆ ನೂರು ಹತ್ತಿ’ ಎಂದಿದೆ. ಬನಿಯನ್ ಬೆಣ್ಣೆಯಂತಿದೆ, ಪಂಚೆ ಕಾಗದದಂತೆ ಗರಿಗರಿ. ಇದರಲ್ಲಿ ಒಂದು ಸುಳ್ಳಿರಬೇಕಲ್ಲವೇ? (ಶಿರಸಿಯ ಓದುಗರೊಬ್ಬರು)

ಉತ್ತರ: ಎರಡೂ ನಿಜವಿರಬಹುದು. ಚೀಟಿ ಹೇಳುವುದು ಎಳೆ ಯಾವುದರದು ಎಂಬುದನ್ನು ಮಾತ್ರ. ಆ ಎಳೆಯನ್ನು ಎಷ್ಟು ಹುರಿ ಮಾಡಿ ನೂಲಾಗಿಸಿದರು, ನೂಲನ್ನು ನೇಯ್ದರೋ ಹೆಣೆದರೋ ಎಂಬುದನ್ನು ಅದು ಹೇಳುವುದಿಲ್ಲ. ಕೈಗೆ ತಿಳಿಯುವ ವ್ಯತ್ಯಾಸದ ಹೆಚ್ಚಿನ ಪಾಲು ಅಲ್ಲಿಯೇ ಇದೆ.

ನಾನು ಕುಮಟಾ ತಾಲ್ಲೂಕಿನ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಇದೇ ವಿಷಯವನ್ನು ಎಂಟನೆಯ ತರಗತಿಯ ಮಕ್ಕಳಿಗೆ ಒಂದು ಮಧ್ಯಾಹ್ನ ಹೇಳಿದ್ದೆ. ಅಂದು ಮೇಜಿನ ಮೇಲೆ ಇಟ್ಟದ್ದು ಬತ್ತಿ ಹೊಸೆಯುವ ಅರಳೆ, ಬೂರುಗದ ಕಾಯಿಯಿಂದ ಬಿಡಿಸಿದ ಹತ್ತಿ, ಒಂದು ಹಿಡಿ ತೆಂಗಿನ ನಾರು, ಹಳೆಯ ಬನಿಯನ್, ಹೊಸ ಪಂಚೆ ಮತ್ತು ನನ್ನದೇ ಒಂದು ವಾಯಿಲ್ ಸೀರೆ.

ಮೊದಲು ಬೂರುಗದ ಹತ್ತಿಯನ್ನು ಕೊಟ್ಟು, ಇದರಿಂದ ಬತ್ತಿ ಹೊಸೆಯಿರಿ ಎಂದೆ. ಮುಟ್ಟಲು ಅದು ಅರಳೆಗಿಂತ ನುಣುಪು. ಆದರೆ ಎಷ್ಟು ಹೊಸೆದರೂ ಜಾರಿ ಜಾರಿ ಬಿಚ್ಚಿಕೊಂಡಿತು. ಅದರ ಎಳೆ ನೆಟ್ಟಗಿನ, ನುಣ್ಣನೆಯ, ಒಳಗೆ ಟೊಳ್ಳಾದ ಕೊಳವೆ, ಒಂದರ ಮೇಲೊಂದು ನಿಲ್ಲುವುದಿಲ್ಲ. ಅದಕ್ಕೇ ನಮ್ಮ ಮನೆಗಳಲ್ಲಿ ಬೂರುಗ ದಿಂಬಿನೊಳಗೆ ಸೇರಿತೇ ಹೊರತು ಮಗ್ಗಕ್ಕೆ ಹೋಗಲಿಲ್ಲ. ನಿಜವಾದ ಹತ್ತಿಯ ಎಳೆಯೂ ಕಾಯಿಯೊಳಗಿರುವಾಗ ಕೊಳವೆಯೇ. ಕಾಯಿ ಒಡೆದು ಒಣಗುವಾಗ ಆ ಕೊಳವೆ ಚಪ್ಪಟೆಯಾಗಿ, ನೀರು ಖಾಲಿಯಾದ ಪೈಪಿನಂತೆ ಮಡಿಸಿ, ತನ್ನ ಸುತ್ತಲೂ ತಾನೇ ತಿರುಚಿಕೊಳ್ಳುತ್ತದೆ. ಒಂದೊಂದು ಮಿಲಿಮೀಟರಿನಲ್ಲೂ ಹಲವು ತಿರುವು. ಹೊಸೆದಾಗ ಈ ತಿರುವುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ಶಾಲೆಯ ಸಾಮಾನ್ಯ ಸೂಕ್ಷ್ಮದರ್ಶಕದಲ್ಲೇ ಇದು ಚೆನ್ನಾಗಿ ಕಾಣುತ್ತದೆ. ಮಕ್ಕಳು ಸರದಿಯಲ್ಲಿ ನಿಂತು ನೋಡಿದರು.

ತೆಂಗಿನ ನಾರನ್ನು ಇಟ್ಟದ್ದು ದಪ್ಪದ ಮಾತಿಗಾಗಿ. ಅದರ ಎಳೆ ಹತ್ತಿಯ ಎಳೆಗಿಂತ ಹತ್ತು ಪಟ್ಟಿಗೂ ಹೆಚ್ಚು ದಪ್ಪ. ಎಳೆಯ ದಪ್ಪ ಇಮ್ಮಡಿಯಾದರೆ ಅದನ್ನು ಬಾಗಿಸಲು ಎರಡು ಪಟ್ಟಲ್ಲ, ಹದಿನಾರು ಪಟ್ಟು ಬಲ ಬೇಕು. ಚರ್ಮಕ್ಕೆ ಚುಚ್ಚುವುದು ಈ ಬಾಗದ ತುದಿಗಳೇ. ಕುರಿ ಕಂಬಳಿ ಕುತ್ತಿಗೆಗೆ ಚುಚ್ಚುವುದಕ್ಕೂ ಇದೇ ಕಾರಣ: ಸುಮಾರು 30 ಮೈಕ್ರಾನ್ ದಾಟಿದ ಉಣ್ಣೆಯ ಎಳೆಯ ತುದಿ ಚರ್ಮಕ್ಕೆ ತಾಗಿದಾಗ ಬಾಗಿಕೊಡುವುದಿಲ್ಲ. ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಹತ್ತಿಯ ಎಳೆ ಸಾಮಾನ್ಯವಾಗಿ 20 ಮೈಕ್ರಾನಿನೊಳಗೇ ಇರುತ್ತದೆ, ಹಾಗಾಗಿ ಅದು ಚುಚ್ಚುವುದಿಲ್ಲ.

ಹತ್ತಿಯಲ್ಲೂ ಉದ್ದ-ಗಿಡ್ಡ ಇದೆ, ಇಲ್ಲಿ ನಮ್ಮೂರಿನ ಹೆಸರು ಬರುತ್ತದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಧಾರವಾಡ ಸೀಮೆಯ ಹತ್ತಿ ಗಾಡಿಗಳಲ್ಲಿ ಘಟ್ಟ ಇಳಿದು ಕುಮಟಾ ಬಂದರಿಗೆ ಬಂದು, ಅಲ್ಲಿಂದ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿಯ ವ್ಯಾಪಾರಿಗಳು ಅದನ್ನು ‘ಕುಮಟಾ ಹತ್ತಿ’ ಎಂದೇ ಕರೆದರು. ಕುಮಟೆಯಲ್ಲಿ ಬೆಳೆಯದ ಹತ್ತಿಗೆ ಕುಮಟೆಯ ಹೆಸರು! ಇದನ್ನು ಕೇಳಿ ಮಕ್ಕಳಿಗಾದ ಸಂತೋಷ ನನಗೂ ಆಯಿತು. ಅದು ದೇಸಿ ಹತ್ತಿ. ಧಾರವಾಡದ ಕಡೆಯ ಜಯಧರ ತಳಿಯೂ ಅದೇ ಜಾತಿಯದು. ಅದರ ಎಳೆ ಗಿಡ್ಡ, ಸುಮಾರು 22 ಮಿಲಿಮೀಟರ್, ತುಸು ಒರಟು. ಧಾರವಾಡದಲ್ಲೇ ರೂಪಿಸಿದ ಡಿಸಿಎಚ್-32 ಎಂಬ ಸಂಕರ ತಳಿಯ ಎಳೆ 35 ಮಿಲಿಮೀಟರಿನ ಆಸುಪಾಸು.

ಈ ಹದಿಮೂರು ಮಿಲಿಮೀಟರ್ ಅಷ್ಟೇನು ದೊಡ್ಡದು ಎನ್ನಿಸಬಹುದು. ನೂಲುವವರಿಗೆ ಅದು ದೊಡ್ಡದೇ. ಉದ್ದದ ಎಳೆ ಪಕ್ಕದ ಎಳೆಗಳನ್ನು ಹೆಚ್ಚು ದೂರ ತಬ್ಬಿಕೊಂಡಿರುತ್ತದೆ, ಕಡಿಮೆ ಹುರಿಗೇ ನಿಲ್ಲುತ್ತದೆ. ಗಿಡ್ಡ ಎಳೆ ಬೇಗ ಜಾರುತ್ತದೆ, ಅದನ್ನು ಹಿಡಿದಿಡಲು ಹೆಚ್ಚು ಹುರಿ ಕೊಡಬೇಕು. ಹುರಿ ಹೆಚ್ಚಿದಂತೆ ನೂಲು ಗಡುಸಾಗುತ್ತದೆ.

ಇದನ್ನು ಬಾಯಲ್ಲಿ ಹೇಳುವುದಕ್ಕಿಂತ ಬತ್ತಿಯಲ್ಲಿ ತೋರಿಸುವುದು ಸುಲಭ. ಸ್ವಲ್ಪ ಅರಳೆಯನ್ನು ಎಳೆದು ತೊಡೆಯ ಮೇಲೆ ಎರಡು ಬಾರಿ ಹೊಸೆಯಿರಿ. ಬತ್ತಿ ಉಬ್ಬಿಕೊಂಡು ಮೃದುವಾಗಿರುತ್ತದೆ, ಎಳೆದರೆ ಹಿಂಜಿಕೊಂಡು ಬರುತ್ತದೆ. ಇನ್ನೂ ಹತ್ತು ಬಾರಿ ಹೊಸೆದರೆ ತೆಳುವಾಗಿ, ದುಂಡಗಾಗಿ, ಎಳೆದರೂ ಬಾರದಷ್ಟು ಗಟ್ಟಿಯಾಗುತ್ತದೆ. ಹೊಸೆಯುತ್ತಲೇ ಹೋಗಿ ಎರಡೂ ತುದಿಗಳನ್ನು ಹತ್ತಿರ ತಂದರೆ ಮಧ್ಯದಲ್ಲಿ ತಾನಾಗಿಯೇ ಸುತ್ತಿ ಗಂಟಿಕ್ಕಿಕೊಳ್ಳುತ್ತದೆ. ನಡೆಯುವುದು ಇಷ್ಟೇ: ಹುರಿ ಎಳೆಗಳನ್ನು ಒತ್ತಿ ಹಿಡಿಯುತ್ತದೆ. ಸಡಿಲ ಹುರಿಯಲ್ಲಿ ನೂಲನ್ನು ಬಾಗಿಸಿದಾಗ ಎಳೆಗಳು ಒಂದರ ಪಕ್ಕ ಒಂದು ಸರಿದು ಜಾಗ ಕೊಡುತ್ತವೆ, ಹೊರಗೆ ನವಿರಾದ ತುದಿಗಳು ಚಾಚಿಕೊಂಡಿರುತ್ತವೆ. ಅದೇ ನಮ್ಮ ಬೆರಳಿಗೆ ಮೆತ್ತಗೆ ಎನ್ನಿಸುವುದು. ಬಿಗಿ ಹುರಿಯಲ್ಲಿ ಎಳೆಗಳು ಸರಿಯಲಾರವು, ಇಡೀ ನೂಲು ಒಂದು ಕಡ್ಡಿಯಂತೆ ಬಾಗಬೇಕು.

ಗಿರಣಿಯ ಲೆಕ್ಕದಲ್ಲಿ ನೋಡೋಣ. ನೂಲಿನ ತೆಳುವನ್ನು ‘ನಂಬರ್’ ಎಂದು ಅಳೆಯುತ್ತಾರೆ. ಒಂದು ಪೌಂಡ್, ಅಂದರೆ ಸುಮಾರು 454 ಗ್ರಾಂ ನೂಲಿನಲ್ಲಿ 840 ಗಜದ ಲಡಿಗಳು ಎಷ್ಟು ಬರುತ್ತವೋ ಅದೇ ನಂಬರ್. 40 ನಂಬರಿನ ಒಂದು ಪೌಂಡ್ ನೂಲನ್ನು ಬಿಚ್ಚಿದರೆ 30 ಕಿಲೋಮೀಟರ್ ಮೀರುತ್ತದೆ, ಕುಮಟೆಯಿಂದ ಹಿಡಿದರೆ ಹೊನ್ನಾವರ ದಾಟಿ ಹೋಗುತ್ತದೆ. ಇದೇ 40 ನಂಬರಿನ ನೂಲನ್ನು ಬನಿಯನ್ ಹೆಣೆಯಲು ತಯಾರಿಸುವಾಗ ಒಂದು ಇಂಚಿಗೆ ಸುಮಾರು 22 ತಿರುವು ಕೊಡುತ್ತಾರೆ, ಮಗ್ಗದಲ್ಲಿ ಉದ್ದಕ್ಕೆ ಹಾಯುವ ಹಾಸಿನ ನೂಲಿಗಾದರೆ 26, 27. ಅದೇ ಹತ್ತಿ, ಅದೇ ತೆಳು, ಇಂಚಿಗೆ ನಾಲ್ಕೈದು ತಿರುವು ಹೆಚ್ಚು. ಮಗ್ಗದಲ್ಲಿ ಹಾಸಿನ ನೂಲು ಬಿಗಿಯಾಗಿ ಎಳೆದುಕೊಂಡೇ ಇರಬೇಕು, ಹಣಿಗೆಯ ತಿಕ್ಕಾಟ ತಾಳಬೇಕು, ಆದ್ದರಿಂದ ಅಷ್ಟು ಹುರಿ. ವಾಯಿಲ್ ಸೀರೆಯ ನೂಲಿಗೆ ಇದಕ್ಕೂ ಹೆಚ್ಚಿನ ಹುರಿ. ಇಲ್ಲೊಂದು ಎಚ್ಚರ: ನೂಲು ತೆಳುವಾದಷ್ಟೂ ತಿರುವು ಸಹಜವಾಗಿಯೇ ಹೆಚ್ಚು ಬೇಕಾಗುತ್ತದೆ. ಬೇರೆ ಬೇರೆ ನಂಬರಿನ ನೂಲುಗಳ ತಿರುವನ್ನು ಎಣಿಸಿ ಹೋಲಿಸಿದರೆ ದಾರಿ ತಪ್ಪುತ್ತೇವೆ.

ನಂತರದ್ದು ಬಟ್ಟೆಯ ರಚನೆ. ಹಳೆಯ ಬನಿಯನ್ನಿನ ಕತ್ತರಿಸಿದ ಅಂಚಿನಿಂದ ಮಕ್ಕಳು ನೂಲು ಬಿಡಿಸಿದರು, ಅದು ಗುಂಗುರು ಗುಂಗುರಾಗಿ ಬಂದಿತು. ಪಂಚೆಯ ನೂಲು ಬಹುಮಟ್ಟಿಗೆ ನೆಟ್ಟಗೆ ಬಂದಿತು. ಬನಿಯನ್ನಿನಲ್ಲಿ ನೂಲು ಕುಣಿಕೆಯೊಳಗೆ ಕುಣಿಕೆಯಾಗಿ ನಿಂತಿದೆ. ಎಳೆದರೆ ಕುಣಿಕೆ ಅಗಲಿಸಿಕೊಳ್ಳುತ್ತದೆ, ಬಿಟ್ಟರೆ ಮರಳುತ್ತದೆ, ಮೈ ತಿರುಗಿದತ್ತ ತಿರುಗುತ್ತದೆ. ಪಂಚೆಯಲ್ಲಿ ಹಾಸು ಹೊಕ್ಕುಗಳು ಒಂದನ್ನೊಂದು ಅಡ್ಡಗಟ್ಟಿ ಹಿಡಿದಿವೆ. ಅದನ್ನು ಮೂಲೆಯಿಂದ ಮೂಲೆಗೆ ಎಳೆದರೆ ಸ್ವಲ್ಪ ಬಗ್ಗುತ್ತದೆ, ನೆಟ್ಟಗೆ ಎಳೆದರೆ ಬಗ್ಗುವುದಿಲ್ಲ.

ಆಗ ಹಿಂದಿನ ಬೆಂಚಿನಿಂದ ಒಬ್ಬಳು ಕೇಳಿದಳು: “ಅಕ್ಕೋರೇ, ಹಾಗಾದರೆ ನಮ್ಮ ಸಮವಸ್ತ್ರ ಮಳೆಗಾಲದಲ್ಲಿ ಮೈಗೆ ಅಂಟುವುದು ಯಾಕೆ? ಅದು ಮೆತ್ತಗೇ ಇದೆಯಲ್ಲ?”

ಅಲ್ಲಿ ಮತ್ತೆ ಎಳೆಯ ಕಡೆಗೇ ಹೋಗಬೇಕು. ಸಾಧಾರಣ ತೇವದ ಗಾಳಿಯಲ್ಲಿ 100 ಗ್ರಾಂ ಒಣ ಹತ್ತಿ ಏಳೆಂಟು ಗ್ರಾಂ ನೀರನ್ನು ತನ್ನ ಎಳೆಯೊಳಗೇ ಇಟ್ಟುಕೊಳ್ಳುತ್ತದೆ. ಅಷ್ಟೇ ತೂಕದ ಪಾಲಿಯೆಸ್ಟರ್ ಹಿಡಿಯುವುದು ಅರ್ಧ ಗ್ರಾಂಗೂ ಕಡಿಮೆ. ಅವಳ ಸಮವಸ್ತ್ರ ಬೆರಕೆಯದು, ಅದರಲ್ಲಿ ಪಾಲಿಯೆಸ್ಟರೇ ಹೆಚ್ಚು. ಬೆವರಿಗೆ ಎಳೆಯೊಳಗೆ ಹೋಗಲು ಜಾಗವಿಲ್ಲ, ಆದ್ದರಿಂದ ಎಳೆಗಳ ನಡುವೆ ಮತ್ತು ಚರ್ಮದ ಮೇಲೆ ನಿಲ್ಲುತ್ತದೆ. ನುಣುಪಾದ ಒದ್ದೆ ಬಟ್ಟೆ ಮೈಗೆ ಹತ್ತಿಕೊಳ್ಳುತ್ತದೆ. ನಮ್ಮ ಕರಾವಳಿಯ ಜೂನ್ ತಿಂಗಳಲ್ಲಿ ಬೆವರು ಆರುವುದೇ ನಿಧಾನ, ಅದಕ್ಕೆ ಈ ಕಷ್ಟ ಎದ್ದು ಕಾಣುತ್ತದೆ.

ಇದೇ ಕಾರಣಕ್ಕೆ, ಮೆತ್ತಗಿನ ಬಟ್ಟೆಯೇ ಒಳ್ಳೆಯದು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಏಪ್ರಿಲ್, ಮೇ ತಿಂಗಳ ಸೆಕೆಯಲ್ಲಿ ಬಿಗಿ ಹುರಿಯ ತೆಳು ಪಂಚೆ ಅಥವಾ ವಾಯಿಲ್ ಮೈಗೆ ಹತ್ತದೆ ಸ್ವಲ್ಪ ದೂರ ನಿಲ್ಲುತ್ತದೆ, ನಡುವೆ ಗಾಳಿ ಆಡುತ್ತದೆ. ಸಡಿಲ ಹುರಿಯ ನವಿರು ಬಟ್ಟೆ ತನ್ನ ರೋಮಗಳಲ್ಲಿ ಗಾಳಿಯನ್ನು ತಡೆದು ಬೆಚ್ಚಗಿಡುತ್ತದೆ. ಅದು ಘಟ್ಟದ ಮೇಲಿನ ಚಳಿಗೆ ಸರಿ. ಜೊತೆಗೆ ಸಡಿಲ ನೂಲಿನ ಬಟ್ಟೆಯ ಮೇಲೆ ಒಗೆದಂತೆಲ್ಲ ಸಣ್ಣ ಗುಳ್ಳೆಗಳು ಏಳುವುದೂ ಹೆಚ್ಚು.

ಈಗ ಓದುಗರ ಪಂಚೆಗೆ ಬರೋಣ. ಅದು ಗರಿಗರಿಯಾಗಿರುವುದಕ್ಕೆ ಎರಡು ಕಾರಣಗಳಿರಬಹುದು: ಒಂದು ಹುರಿ, ಇನ್ನೊಂದು ಗಂಜಿ. ನೇಯುವ ಮುನ್ನ ಹಾಸಿನ ನೂಲು ತುಂಡಾಗದಿರಲೆಂದು ಅದಕ್ಕೆ ಗಂಜಿ ಹಾಕುತ್ತಾರೆ, ನೇಯ್ದ ಮೇಲೆ ಅಂಗಡಿಯಲ್ಲಿ ಚೆನ್ನಾಗಿ ಕಾಣಲೆಂದು ಮತ್ತೆ ಹಾಕುವುದೂ ಉಂಟು. ತೆಳುವಾಗಿ ನೇಯ್ದ ಕಳಪೆ ಪಂಚೆಯನ್ನು ಗಟ್ಟಿ ಎಂದು ತೋರಿಸಲೂ ಇದೇ ಉಪಾಯ. ನಾವು ಪಂಚೆಯ ಅಂಚಿನಿಂದ ಒಂದು ತುಂಡು ಕತ್ತರಿಸಿ ಪ್ರಯೋಗಾಲಯದ ಅಯೋಡಿನ್ ದ್ರಾವಣದ ಒಂದು ಹನಿ ಹಾಕಿದೆವು. ಕ್ಷಣದಲ್ಲಿ ಕಡುನೀಲಿಯಾಯಿತು, ಅಂದರೆ ಗಂಜಿ ಇದೆ. ಗಿರಣಿಗಳು ಪಿಷ್ಟವಲ್ಲದ ಅಂಟುಗಳನ್ನೂ ಬಳಸುವುದರಿಂದ, ನೀಲಿಯಾಗದಿದ್ದರೆ ಏನೂ ಹಾಕಿಲ್ಲ ಎಂದು ತೀರ್ಮಾನಿಸುವಂತಿಲ್ಲ.

ಮನೆಯಲ್ಲಿ ಅಯೋಡಿನ್ ಬೇಕಿಲ್ಲ. ಪಂಚೆಯ ಮೂಲೆಯನ್ನು ಕಪ್ಪು ಬಟ್ಟೆಯ ಮೇಲೆ ಹಿಡಿದು ಎರಡೂ ಕೈಗಳಿಂದ ಜೋರಾಗಿ ಉಜ್ಜಿ. ಬಿಳಿಯ ಪುಡಿ ಉದುರಿದರೆ ಗಂಜಿ ಹೆಚ್ಚಿದೆ, ಉಜ್ಜಿದ ಜಾಗವನ್ನು ಬೆಳಕಿಗೆ ಹಿಡಿದರೆ ನೇಯ್ಗೆಯ ಸಂದುಗಳೂ ಕಾಣುತ್ತವೆ. ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ಮರುದಿನ ಬೆಚ್ಚನೆಯ ನೀರಿನಲ್ಲಿ ಸೋಪು ಹಾಕಿ ಒಗೆಯಿರಿ. ಹೀಗೆ ಎರಡು ಬಾರಿಯಾದ ಮೇಲೆ ಒಂದು ಅಡಿ ಉದ್ದದ ನೂಲನ್ನು ಅಂಚಿನಿಂದ ಬಿಡಿಸಿ, ಒದ್ದೆ ಮಾಡಿ, ಎರಡು ತುದಿಗಳನ್ನು ನಿಧಾನವಾಗಿ ಹತ್ತಿರ ತನ್ನಿ. ಪಂಚೆ ಜೋಲುಬಿದ್ದು ನೂಲೂ ಸುಮ್ಮನೆ ಇಳಿಬಿದ್ದರೆ ನೀವು ದುಡ್ಡು ಕೊಟ್ಟದ್ದು ಗಂಜಿಗೆ. ಪಂಚೆ ಇನ್ನೂ ಗರಿಗರಿಯಾಗಿದ್ದು, ನೂಲು ಬತ್ತಿಯಂತೆ ತನ್ನನ್ನೇ ಸುತ್ತಿಕೊಂಡರೆ ಅದು ಹುರಿಯ ಗಡುಸು, ಎಷ್ಟು ಒಗೆದರೂ ಪೂರ್ತಿ ಹೋಗುವುದಿಲ್ಲ. ನಮ್ಮ ತರಗತಿಯ ಪಂಚೆಯ ನೂಲು ಮೂರು ಸುತ್ತು ಸುತ್ತಿಕೊಂಡಿತು.