ಹನ್ನೆರಡು ಪದಗಳೂ ಸರಿ, ಆದರೂ ಬ್ಯಾಲೆನ್ಸ್ ಸೊನ್ನೆ ಏಕೆ?

2018ರಲ್ಲಿ ಫೋನಿನ ಒಂದು ವ್ಯಾಲೆಟ್‌ನಲ್ಲಿ ಸ್ವಲ್ಪ ಬಿಟ್‌ಕಾಯಿನ್ ಇಟ್ಟವರ ಉದಾಹರಣೆ ತೆಗೆದುಕೊಳ್ಳೋಣ. ಫೋನ್ ಹಾಳಾಗಿದೆ. ಹಾಳೆಯಲ್ಲಿ ಬರೆದಿಟ್ಟ ಹನ್ನೆರಡು ಪದಗಳನ್ನು ಬೇರೊಂದು ಹೊಸ ವ್ಯಾಲೆಟ್‌ಗೆ ಹಾಕುತ್ತಾರೆ. ಅದು ತಕರಾರಿಲ್ಲದೆ ತೆರೆದುಕೊಂಡು 0 ಎಂದು ತೋರಿಸುತ್ತದೆ. ಕಳವಾಯಿತೇನೋ ಎಂದು ಎದೆ ಧಸಕ್ಕೆನ್ನುವುದು ಸಹಜ. ಆದರೆ ಹಣ ಇದ್ದಲ್ಲೇ ಇರುವ ಸಾಧ್ಯತೆ ದೊಡ್ಡದು. ಹೊಸ ವ್ಯಾಲೆಟ್ ಬೇರೆ ಜಾಗದಲ್ಲಿ ಹುಡುಕುತ್ತಿದೆ, ಅಷ್ಟೆ.

ಆ ಪದಗಳೊಳಗೆ ಹಣವಿಲ್ಲ, ವಿಳಾಸವೂ ಇಲ್ಲ. BIP39 ಪದ್ಧತಿಯಲ್ಲಿ 2048 ಪದಗಳ ಪಟ್ಟಿಯಿಂದ ಆಯ್ದ ಹನ್ನೆರಡು ಪದಗಳು ಸೇರಿ ಒಂದು ದೊಡ್ಡ ಗುಪ್ತ ಸಂಖ್ಯೆಯಾಗುತ್ತವೆ. ಆ ಒಂದೇ ಬೇರಿನಿಂದ ಕೋಟ್ಯಂತರ ಕೀಗಳು ಕವಲೊಡೆಯುತ್ತವೆ. ಯಾವ ಕವಲಿನ ಕೀ ಬಳಸಬೇಕು ಎಂದು ಹೇಳುವುದೇ ಡಿರೈವೇಶನ್ ಪಾತ್. ನಮ್ಮ ಜಮೀನಿನ ಸರ್ವೆ ನಂಬರು, ಹಿಸ್ಸಾ ಇದ್ದ ಹಾಗೆ: ಊರು ಸರಿಯಿದ್ದರೂ ಹಿಸ್ಸಾ ತಪ್ಪಿದರೆ ಪಹಣಿಯಲ್ಲಿ ನಿಮ್ಮ ಹೆಸರು ಸಿಗುವುದಿಲ್ಲ.

ತೊಂದರೆ ಏನೆಂದರೆ, ಯಾವ ಕವಲು ಬಳಕೆಯಾಗಿತ್ತು ಎಂಬುದು ಪದಗಳಲ್ಲಿ ಎಲ್ಲಿಯೂ ದಾಖಲಾಗಿರುವುದಿಲ್ಲ. ಹೊಸ ವ್ಯಾಲೆಟ್ ತನ್ನ ವಾಡಿಕೆಯ ಪಾತ್ ಹಿಡಿದು ಸಾಮಾನ್ಯವಾಗಿ ಮೊದಲ 20 ವಿಳಾಸಗಳನ್ನು ತಯಾರಿಸಿ, ಇವುಗಳಲ್ಲಿ ವಹಿವಾಟು ನಡೆದಿದೆಯೇ ಎಂದು ಸರ್ವರ್‌ ಅನ್ನು ಕೇಳುತ್ತದೆ. ಇಲ್ಲ ಎಂಬ ಉತ್ತರ ಬಂದರೆ ಅದಕ್ಕೆ ಇದು ಹೊಚ್ಚಹೊಸ ವ್ಯಾಲೆಟ್. ಹಾಗಾಗಿಯೇ ದೋಷದ ಸೂಚನೆ ಏನೂ ಬರುವುದಿಲ್ಲ.

ಇದನ್ನು ಕಣ್ಣಾರೆ ನೋಡಬಹುದು. `abandon` ಪದವನ್ನು ಹನ್ನೊಂದು ಸಲ ಬರೆದು ಕೊನೆಗೆ `about` ಸೇರಿಸಿದರೆ, ಪರೀಕ್ಷೆಗೆಂದು ಎಲ್ಲರೂ ಬಳಸುವ ಒಂದು ಫ್ರೇಸ್ ಆಗುತ್ತದೆ. ನಾಲ್ಕು ಪಾತ್‌ಗಳಲ್ಲಿ ಅದರ ಮೊದಲ ವಿಳಾಸದ ಆರಂಭ ಹೀಗಿರುತ್ತದೆ:

```
m/44'/0'/0'/0/0   1LqBGSKuX5...
m/49'/0'/0'/0/0   37VucYSaXL...
m/84'/0'/0'/0/0   bc1qcr8te4...
m/86'/0'/0'/0/0   bc1p5cyxnu...
```

ಪದಗಳು ಅವೇ, ವಿಳಾಸಗಳು ಪೂರ್ತಿ ಬೇರೆ. (ಈ ಫ್ರೇಸ್ ಲೋಕಕ್ಕೆಲ್ಲ ಗೊತ್ತು, ಇದಕ್ಕೆ ಎಂದೂ ಹಣ ಕಳಿಸಬೇಡಿ.) ಅಂಕಿಯ ಪಕ್ಕದ ಆ ಸಣ್ಣ ಗೀಟನ್ನೂ ಕಡೆಗಣಿಸುವಂತಿಲ್ಲ. ಅದನ್ನು ಬಿಟ್ಟು `m/84/0/0` ಎಂದು ಟೈಪ್ ಮಾಡಿದರೆ ಇನ್ನೊಂದೇ ಕವಲಿಗೆ ಹೋಗುತ್ತೀರಿ.

ಆದ್ದರಿಂದ ಹುಡುಕಾಟ ಶುರುವಾಗಬೇಕಾದದ್ದು ಹಳೆಯ ವಿಳಾಸದಿಂದ. ಬಿಟ್‌ಕಾಯಿನ್ ಕೊಂಡ ಎಕ್ಸ್‌ಚೇಂಜ್‌ನ ವಿತ್‌ಡ್ರಾ ಇತಿಹಾಸ, ಹಳೆಯ ಇಮೇಲ್, ಸ್ಕ್ರೀನ್‌ಶಾಟ್ ಇವುಗಳಲ್ಲಿ ಅದು ಸಿಗುತ್ತದೆ. ಬಿಟ್‌ಕಾಯಿನ್‌ನ ಎಲ್ಲ ವಹಿವಾಟುಗಳನ್ನು ತೋರಿಸುವ ಬ್ಲಾಕ್ ಎಕ್ಸ್‌ಪ್ಲೋರರ್ ಎಂಬ ತಾಣಗಳಲ್ಲಿ ಯಾವುದಾದರೊಂದಕ್ಕೆ ಹೋಗಿ ಆ ವಿಳಾಸ ಹಾಕಿ ನೋಡಿ. ಹಣ ಅಲ್ಲೇ ಇದ್ದರೆ ಅರ್ಧ ಆತಂಕ ಇಳಿಯುತ್ತದೆ. ಹೊರಗೆ ಹೋಗಿದ್ದರೂ ಕಳವೇ ಎಂದು ತೀರ್ಮಾನಿಸಬೇಡಿ: ನೀವೇ ಒಮ್ಮೆ ಖರ್ಚು ಮಾಡಿದ್ದಾಗ ಉಳಿದ ಚಿಲ್ಲರೆ ನಿಮ್ಮದೇ ಇನ್ನೊಂದು ವಿಳಾಸಕ್ಕೆ ಹೋಗಿರುತ್ತದೆ. ವಿಳಾಸದ ಮೊದಲ ಅಕ್ಷರವೂ ಸುಳಿವು ಕೊಡುತ್ತದೆ. ನಮ್ಮ ಉದಾಹರಣೆಯಲ್ಲಿ ಹಳೆಯದು `3`ರಿಂದ ಶುರುವಾಗಿದೆ, ಹೊಸ ವ್ಯಾಲೆಟ್‌ನ Receive ಪುಟದಲ್ಲಿ ಕಾಣುವುದು `bc1q`. ಅಂದರೆ 49ರಲ್ಲಿ ಇರುವುದನ್ನು 84ರಲ್ಲಿ ಹುಡುಕಲಾಗಿದೆ.

ಪಾತ್ ಬದಲಿಸಲು ಬಿಡುವ ವ್ಯಾಲೆಟ್ ಈಗ ಬೇಕು. ಕಂಪ್ಯೂಟರಿನ Electrum ಸಾಕು. ಅದರ ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಹೊಸ ವ್ಯಾಲೆಟ್ ಮಾಡುವಾಗ Standard wallet, ಆಮೇಲೆ I already have a seed ಆರಿಸಿ. ಇಲ್ಲಿ ಹಲವರು ಎಡವುತ್ತಾರೆ: Electrum‌ನ ಸ್ವಂತ ಫ್ರೇಸ್ ಬೇರೆ ಪದ್ಧತಿಯದು. ಆದ್ದರಿಂದ ಸೀಡ್, ಅಂದರೆ ಈ ಪದಗಳು, ಯಾವ ಬಗೆಯದೆಂದು ಕೇಳುವಲ್ಲಿ BIP39 ಆರಿಸದಿದ್ದರೆ ನಿಮ್ಮ ಪದಗಳನ್ನು ಅದು ಒಪ್ಪುವುದಿಲ್ಲ. ಆರಿಸಿದರೆ ಮುಂದಿನ ಪುಟದಲ್ಲಿ p2sh-segwit ಒತ್ತಿ, ಕೆಳಗೆ `m/49'/0'/0'` ಬಂದಿದೆಯೇ ನೋಡಿ. ಹಳೆಯ ವಿಳಾಸ ಸಿಗದವರಿಗೆ ಅದೇ ಪುಟದ Detect Existing Accounts ಗುಂಡಿ ಉಪಕಾರಿ. ಪರಿಚಿತ ಪಾತ್‌ಗಳನ್ನು ಒಂದೊಂದಾಗಿ ಪರೀಕ್ಷಿಸಿ, ವಹಿವಾಟು ಇದ್ದದ್ದನ್ನು ಅದು ಪಟ್ಟಿ ಮಾಡುತ್ತದೆ.

ವ್ಯಾಲೆಟ್ ತೆರೆದ ಮೇಲೆ Addresses ಪುಟದಲ್ಲಿ ನಿಮ್ಮ ಹಳೆಯ ವಿಳಾಸ ಇದೆಯೇ ನೋಡಿ. ಇದ್ದರೆ ಕೆಲಸ ಮುಗಿಯಿತು. ಯಾವ ಪಾತ್‌ನಲ್ಲೂ ಸಿಗದಿದ್ದರೆ ಪಾಸ್‌ಫ್ರೇಸ್ ಬಗ್ಗೆ ಯೋಚಿಸಿ. ಪದಗಳ ಜೊತೆಗೆ ಆಗ ಇನ್ನೊಂದು ಗುಪ್ತಪದ ಇಟ್ಟಿದ್ದರೆ, ಅದಿಲ್ಲದೆ ತೆರೆಯುವುದು ಬೇರೆಯದೇ ವ್ಯಾಲೆಟ್. ತಪ್ಪು ಪಾಸ್‌ಫ್ರೇಸ್ ಹಾಕಿದರೂ ಖಾಲಿ ವ್ಯಾಲೆಟ್ ತೆರೆಯುತ್ತದೆಯೇ ಹೊರತು ತಪ್ಪೆಂದು ಹೇಳುವುದಿಲ್ಲ.

ಈ ಗಾಬರಿಯ ಹೊತ್ತಿನಲ್ಲೇ ಮೋಸಗಾರರು ಕಾದಿರುತ್ತಾರೆ. "ವ್ಯಾಲೆಟ್ ಸಿಂಕ್ ಮಾಡಿಕೊಡುತ್ತೇವೆ" ಎನ್ನುವ ತಾಣದಲ್ಲಿ ಹನ್ನೆರಡು ಪದಗಳನ್ನು ಹಾಕಿದರೆ, ಅದುವರೆಗೆ ಕಳೆಯದಿದ್ದ ಹಣ ಆಗ ನಿಜಕ್ಕೂ ಹೋಗುತ್ತದೆ. ವಿಳಾಸವನ್ನು ಯಾರಿಗೆ ತೋರಿಸಿದರೂ ಹಣಕ್ಕೆ ಅಪಾಯವಿಲ್ಲ, ಪದಗಳನ್ನು ಯಾರಿಗೂ ತೋರಿಸಬಾರದು.

ಹಣ ಸಿಕ್ಕ ದಿನವೇ ಅದೇ ಹಾಳೆಯಲ್ಲಿ ಪದಗಳ ಕೆಳಗೆ ಇನ್ನೊಂದು ಸಾಲು ಬರೆದಿಡಿ: ವ್ಯಾಲೆಟ್‌ನ ಹೆಸರು, `BIP39`, `m/49'/0'/0'`, ಪಾಸ್‌ಫ್ರೇಸ್ ಇದೆಯೋ ಇಲ್ಲವೋ, ಮತ್ತು ಮೊದಲ ವಿಳಾಸದ ಮೊದಲ ಎಂಟು ಅಕ್ಷರ.